ಮುಖ ಅವರದೇ, ಕಿವಿ ಯಾರದು?

ಪ್ರಶ್ನೆ: ಫೋಟೋದಲ್ಲಿ ಮುಖ ಬದಲಿಸಿದ್ದರೆ ಕಿವಿ, ಹಲ್ಲು, ಕಣ್ಣು ನೋಡಿ ಕಂಡುಹಿಡಿಯಬಹುದು ಅಂತಾರೆ. ಎಷ್ಟು ದಿಟ್ಟಿಸಿದರೂ ನನಗೇನೂ ಕಾಣಲ್ಲ. ಏನನ್ನು ನೋಡಬೇಕು?

ಉತ್ತರ: ಕಿವಿಯಿಂದ ಶುರು ಮಾಡಿ. ಮುಖ ಬದಲಿಸುವ ಸಾಫ್ಟ್‌ವೇರ್ ಸಾಮಾನ್ಯವಾಗಿ ಹುಬ್ಬಿನಿಂದ ಗಲ್ಲದವರೆಗಿನ ಭಾಗವನ್ನಷ್ಟೇ ಮುಟ್ಟುತ್ತದೆ. ಕೂದಲು, ಕಿವಿ, ಕುತ್ತಿಗೆ ಮೂಲ ಫೋಟೋದವರದೇ ಉಳಿಯುತ್ತವೆ. ಎರಡು ಕಿವಿ ಒಂದಕ್ಕೊಂದು ಹೊಂದದಿರುವುದು ಇಡೀ ಮುಖವನ್ನೇ ಕಂಪ್ಯೂಟರ್ ಹೊಸದಾಗಿ ಹುಟ್ಟಿಸಿದ ಚಿತ್ರಗಳಲ್ಲಿ ಜಾಸ್ತಿ. ಮುಖ ಬದಲಿಸಿದ ಚಿತ್ರದಲ್ಲಿ ಕೇಳಬೇಕಾದ್ದು ಬೇರೆ: ಈ ಕಿವಿ ಈ ಮುಖದವರದೇನಾ?

ಉದಾಹರಣೆಗೆ, ಪರಿಚಯದವರೊಬ್ಬರು ಕಿಟಕಿ ಪಕ್ಕ ನಗುತ್ತಿರುವ ಫೋಟೋ ಬಂದಿದೆ ಅಂದುಕೊಳ್ಳಿ. ಅವರ ಹಳೆಯ ಫೋಟೋ ಪಕ್ಕದಲ್ಲಿಟ್ಟು ಕಿವಿಯ ಹಾಲೆ ನೋಡಿ. ಹಳೆಯದರಲ್ಲಿ ಹಾಲೆ ಬಿಡಿಯಾಗಿ ಇಳಿಬಿದ್ದಿದೆ, ಹೊಸದರಲ್ಲಿ ಕೆನ್ನೆಗೆ ಅಂಟಿಕೊಂಡಿದೆ. ಇದು ಗಟ್ಟಿ ಸುಳಿವು. ಸೆಲ್ಫಿಯಲ್ಲಿ ಎಡ-ಬಲ ಅದಲುಬದಲಾಗಿರಬಹುದು, ಹಾಗಾಗಿ ಎರಡೂ ಕಿವಿಗೆ ಹೋಲಿಸಿ.

ಈಗ ಹಲ್ಲು. ಇಂಥ ಕೆಲವು ಸಾಫ್ಟ್‌ವೇರ್ ಮುಖವನ್ನು 128 ಪಿಕ್ಸೆಲ್ ಅಗಲದ ಪುಟ್ಟ ಚೌಕದಲ್ಲಿ ತಯಾರಿಸಿ, ಆಮೇಲೆ ದೊಡ್ಡದು ಮಾಡಿ ಅಂಟಿಸುತ್ತವೆ. ಅಷ್ಟರಲ್ಲಿ ಬಾಯಿಗೆ ಸಿಗುವುದು ಹೆಚ್ಚೆಂದರೆ 40 ಪಿಕ್ಸೆಲ್ ಅಂತಿಟ್ಟುಕೊಳ್ಳಿ. ನಕ್ಕಾಗ ಎಂಟು ಹಲ್ಲು ಕಂಡರೆ ಒಂದೊಂದಕ್ಕೆ ಬರೀ ಐದು! ಅದಕ್ಕೇ ಹಲ್ಲುಗಳೆಲ್ಲ ಸೇರಿ ಒಂದೇ ಬಿಳಿ ಪಟ್ಟಿ ಥರ ಕಾಣುತ್ತವೆ. ಇದನ್ನು ಮುಚ್ಚಲು ಮುಖವನ್ನು ಚೂಪು ಮಾಡುವ ಇನ್ನೊಂದು ಸಾಫ್ಟ್‌ವೇರ್ ಓಡಿಸುತ್ತಾರೆ. ಅದು ತನ್ನ ಲೆಕ್ಕದಲ್ಲಿ ಹಲ್ಲಿನ ಗೆರೆ ಎಳೆದುಬಿಡುತ್ತದೆ. ಆಗ ಹಲ್ಲು ಚಂದವಾಗಿಯೇ ಇರುತ್ತದೆ, ಅವರ ಮುಂದಿನ ಹಲ್ಲುಗಳ ನಡುವಿನ ಸಂದು ಮಾತ್ರ ಮಾಯ.

ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಉಬ್ಬುಗನ್ನಡಿಯ ಹಾಗೆ. ಕಿಟಕಿ ಎದುರಿದ್ದರೆ ಎರಡೂ ಕಣ್ಣಲ್ಲಿ ಹೆಚ್ಚುಕಡಿಮೆ ಒಂದೇ ಆಕಾರದ, ಒಂದೇ ಕಡೆಯ ಬಿಳಿ ಹೊಳಪು ಇರಬೇಕು. ಕಂಪ್ಯೂಟರ್ ಹುಟ್ಟಿಸಿದ ಮುಖಗಳನ್ನು ಹಿಡಿಯಲು ಬಫಲೋ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಬಳಸಿದ್ದರು. ನಮ್ಮ ಫೋಟೋದಲ್ಲಿ ಒಂದು ಕಣ್ಣಲ್ಲಿ ಕಿಟಕಿಯ ಚೌಕ, ಇನ್ನೊಂದರಲ್ಲಿ ದುಂಡನೆಯ ಚುಕ್ಕೆ ಇದ್ದರೆ ಅನುಮಾನಪಡಿ. ಆದರೆ ದೀಪ ತೀರಾ ಹತ್ತಿರ ಇದ್ದರೆ, ಮುಖ ಓರೆಯಾಗಿದ್ದರೆ, ಒಂದು ಕಣ್ಣಿಗೆ ಮೂಗಿನ ನೆರಳು ಬಿದ್ದಿದ್ದರೆ ಅಸಲಿ ಫೋಟೋದಲ್ಲೂ ಹೀಗಾಗುತ್ತದೆ. ನಾನಂತೂ ಕಣ್ಣಿಗಿಂತ ಕಿವಿಯನ್ನೇ ಜಾಸ್ತಿ ನಂಬುತ್ತೇನೆ.

ನಿಮಗೆ ಏನೂ ಕಾಣದಿರುವುದಕ್ಕೆ ಇನ್ನೊಂದು ಕಾರಣ ಇರಬಹುದು. ಮೆಸೇಜ್ ಆ್ಯಪ್‌ನಲ್ಲಿ ಕಳಿಸಿದ ಫೋಟೋ ಸಾಮಾನ್ಯವಾಗಿ ಕುಗ್ಗುತ್ತದೆ, ಸೇವ್ ಮಾಡಿ ಮತ್ತೆ ಮತ್ತೆ ಕಳಿಸಿದರೆ ಇನ್ನಷ್ಟು ಕುಗ್ಗಬಹುದು. ಆಗ ಅಸಲಿ ಹಲ್ಲೂ ಬಿಳಿ ಪಟ್ಟಿಯೇ. ಮೊದಲು ಕಳಿಸಿದವರಿಂದ ಫೋಟೋವನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಂಡು, ದೊಡ್ಡದು ಮಾಡಿ ಮತ್ತೆ ನೋಡಿ.