ವಯೋಮಿತಿ ಸಡಿಲಿಕೆ ಪತ್ರ ಕೊಡಿ ಅಂತ ಸಾಹೇಬರಿಗೆ ಅರ್ಜಿ ಬರೆಯುವುದು ಹೇಗೆ?

ಪ್ರಶ್ನೆ: ನಾನು ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ. ವಯಸ್ಸು 39, ಸಾಮಾನ್ಯ ವರ್ಗ. ಕೆಪಿಎಸ್‌ಸಿ ಪರೀಕ್ಷೆಗೆ ವಯೋಮಿತಿ ಸಡಿಲಿಕೆ ಪ್ರಮಾಣಪತ್ರ ಬೇಕು. ತಹಶೀಲ್ದಾರರಿಗೆ ಅರ್ಜಿ ಹೇಗೆ ಬರೆಯಲಿ?

ಮತ್ತೆ ಅದೇ ಪ್ರಶ್ನೆ! ಇರಲಿ, ಇನ್ನೊಮ್ಮೆ ಹೇಳುತ್ತೇನೆ. ವಯಸ್ಸು ಸಡಿಲಿಸುವ ಅಧಿಕಾರ ತಹಶೀಲ್ದಾರರಿಗೂ ಇಲ್ಲ, ನಿಮ್ಮ ಸಾಹೇಬರಿಗೂ ಇಲ್ಲ. ‘ದಯಮಾಡಿ ನನಗೆ ಐದು ವರ್ಷ ಸಡಿಲಿಕೆ ಕೊಡಿ’ ಅಂತ ಕಷ್ಟಸುಖವೆಲ್ಲ ಬರೆದ ಅರ್ಜಿಗಳನ್ನು ನಾನು ನೋಡಿದ್ದೇನೆ. ಮನೆಯ ಸಾಲ, ಅಪ್ಪನ ಕಾಯಿಲೆ, ಎಲ್ಲ ಇರುತ್ತದೆ. ಇರಬೇಕಾದ ಒಂದೇ ಸಾಲು ಇರುವುದಿಲ್ಲ.

ಸಡಿಲಿಕೆ ಕೊಡುವುದು ನೇಮಕಾತಿ ನಿಯಮ. ಅದು ಅಧಿಸೂಚನೆಯಲ್ಲೇ ಅಚ್ಚಾಗಿರುತ್ತದೆ. ವಿಧವೆಗೆ 10 ವರ್ಷ, ಅಂಗವಿಕಲರಿಗೆ 10 ವರ್ಷ. ಸರ್ಕಾರಿ ಹುದ್ದೆಯಲ್ಲಿ ಇರುವವರಿಗೆ ಎಷ್ಟು ವರ್ಷ ಸೇವೆಯೋ ಅಷ್ಟು, ಇಲ್ಲವೇ 10 ವರ್ಷ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಅಧಿಕಾರಿ ಮಾಡುವುದು ಇಷ್ಟೇ: ನೀವು ವಿಧವೆ ಹೌದು, ಇಷ್ಟು ವರ್ಷ ಸೇವೆ ಮಾಡಿದ್ದು ಹೌದು ಅಂತ ಸಹಿ ಹಾಕುವುದು. ಹಾಗಾಗಿ ಸಡಿಲಿಕೆ ಕೇಳಬೇಡಿ, ಆ ಸಂಗತಿಯ ದೃಢೀಕರಣ ಕೇಳಿ. ನಿಮ್ಮ ವಿಷಯದಲ್ಲಿ ಅದನ್ನು ಕೊಡಬೇಕಾದವರು ನಿಮ್ಮ ಕಚೇರಿಯ ಮುಖ್ಯಸ್ಥರು ಅಥವಾ ನೇಮಕಾತಿ ಪ್ರಾಧಿಕಾರ. ತಹಶೀಲ್ದಾರರ ಬಳಿ ನಿಮ್ಮ ಸೇವಾ ಪುಸ್ತಕ ಇರುತ್ತದಾ? ಇಲ್ಲ ಅಲ್ವಾ.

ಈಗ ಲೆಕ್ಕ. ಅಧಿಸೂಚನೆಯಲ್ಲಿ ನಿಮ್ಮ ವರ್ಗಕ್ಕೆ 35 ಎಂದಿದೆ ಅಂದುಕೊಳ್ಳಿ. ಐದು ವರ್ಷ ಸೇವೆ ಆಗಿದ್ದರೆ ಮಿತಿ 40, ನೀವು ಒಳಗೆ. ಮೂರೇ ವರ್ಷ ಆಗಿದ್ದರೆ 38, ನೀವು ಹೊರಗೆ. ಆಗ ಯಾವ ಪತ್ರ ತಂದರೂ ಅಷ್ಟೇ.

ಅರ್ಜಿ ಅರ್ಧ ಪುಟ ಸಾಕು:

‘ವಿಷಯ: ಸೇವಾ ಪ್ರಮಾಣಪತ್ರ ನೀಡುವ ಬಗ್ಗೆ.

ಮಾನ್ಯರೇ, ನಾನು ತಮ್ಮ ಕಚೇರಿಯಲ್ಲಿ ದಿನಾಂಕ ____ರಿಂದ ದ್ವಿತೀಯ ದರ್ಜೆ ಸಹಾಯಕನಾಗಿ ಕೆಲಸ ಮಾಡುತ್ತಿದ್ದೇನೆ. ____ ಅಧಿಸೂಚನೆಯ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದು, ವಯೋಮಿತಿ ಸಡಿಲಿಕೆಗಾಗಿ, ಸೇವೆಗೆ ಸೇರಿದ ದಿನಾಂಕ, ಹುದ್ದೆ ಮತ್ತು ಒಟ್ಟು ಸೇವಾ ಅವಧಿಯನ್ನು ನಮೂದಿಸಿ ಪ್ರಮಾಣಪತ್ರ ನೀಡಬೇಕೆಂದು ಕೋರುತ್ತೇನೆ.’

ಜೊತೆಗೆ ನೇಮಕಾತಿ ಆದೇಶದ ಪ್ರತಿ ಮತ್ತು ಅಧಿಸೂಚನೆಯ ಆ ಪುಟ ಇಡಿ. ಅಧಿಸೂಚನೆಯಲ್ಲಿ ನಮೂನೆ ಕೊಟ್ಟಿದ್ದರೆ ಅದನ್ನೇ ತುಂಬಿಸಿ ತನ್ನಿ, ಇಲ್ಲದಿದ್ದರೆ ಗುಮಾಸ್ತರು ಹಳೆಯ ಫೈಲಿನಿಂದ ನಕಲು ಮಾಡಿಬಿಡುತ್ತಾರೆ. ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಎನ್‌ಒಸಿ ಇದ್ದರೆ ಸಾಕಲ್ವಾ ಅಂತ ನಾಳೆ ಇನ್ನೊಬ್ಬರು ಬರುತ್ತಾರೆ. ಸಾಲದು. ನೀವು ಪರೀಕ್ಷೆ ಬರೆಯಲು ಇಲಾಖೆಯ ಅಡ್ಡಿ ಇಲ್ಲ ಅನ್ನುವುದಷ್ಟೇ ಅದರಲ್ಲಿರುತ್ತದೆ. ಎಂದು ಸೇರಿದಿರಿ, ಎಷ್ಟು ವರ್ಷ ಆಯಿತು ಅನ್ನುವುದು ಇರುವುದಿಲ್ಲ. ಎರಡನ್ನೂ ಒಂದೇ ದಿನ ಕೇಳಿ, ಆದರೆ ಬೇರೆ ಬೇರೆ ಅರ್ಜಿಯಲ್ಲಿ. ಒಂದೇ ಅರ್ಜಿಯಲ್ಲಿ ಕೇಳಿದರೆ ಒಂದು ಕೊಟ್ಟು ಫೈಲು ಮುಚ್ಚಿಬಿಡುತ್ತಾರೆ.