ಎರಡು ಗಂಟೆಯ ಯಕ್ಷಗಾನದಿಂದ ಎರಡು ನಿಮಿಷದ ಟೀಸರ್: ಮೊದಲು ದನಿ, ಆಮೇಲೆ ಚಿತ್ರ

ಎಡಿಟ್ ಮುಗಿದ ವಿಡಿಯೋದಲ್ಲಿ ಮಾತು, ಹಾಡು, ವಾದ್ಯ ಎಲ್ಲ ಒಂದೇ ಟ್ರ್ಯಾಕ್‌ನಲ್ಲಿ ಬೆರೆತಿರುತ್ತವೆ. ಟೀಸರ್ ಮಾಡುವವರಿಗೆ ತೊಡಕು ಶುರುವಾಗುವುದೇ ಇಲ್ಲಿ. ಎರಡು ಗಂಟೆಯ ‘ಅಭಿಮನ್ಯು ಕಾಳಗ’ವನ್ನು ತೆಗೆದುಕೊಳ್ಳೋಣ. ಇಷ್ಟವಾದ ಹತ್ತು ತುಣುಕು ಕತ್ತರಿಸಿ ಸಾಲಾಗಿ ಜೋಡಿಸಿದರೆ ಪ್ರತಿ ಜೋಡಣೆಯಲ್ಲೂ ಭಾಗವತರ ಸಾಲು ಅರ್ಧಕ್ಕೆ ನಿಲ್ಲುತ್ತದೆ, ಚೆಂಡೆಯ ತಾಳ ತಪ್ಪುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಇದು ತಕ್ಷಣ ಗೊತ್ತಾಗುತ್ತದೆ.

ಹಾಗಾಗಿ ಮೊದಲು ದನಿಯ ಹಾಸು. ಭಾಗವತರ ಮೈಕ್, ಚೆಂಡೆಯ ಮೈಕ್ ಬೇರೆ ಬೇರೆ ರೆಕಾರ್ಡ್ ಆಗಿದ್ದರೆ ಆ ಫೈಲುಗಳನ್ನೇ ಕೇಳಿ ಪಡೆಯಿರಿ. ಸಿಗದಿದ್ದರೆ ಯಾರೂ ಮಾತಾಡದ, ಒಂದೂವರೆ ನಿಮಿಷದಷ್ಟು ಉದ್ದದ ಏರುಪದವೊಂದನ್ನು, ಅಂದರೆ ಬಿರುಸಿನ ಲಯದ ಹಾಡೊಂದನ್ನು ಹುಡುಕಿ, ಕೊನೆಯಲ್ಲಿ ಬರುವ ವಾದ್ಯದ ನುಡಿತವಾದ ಬಿಡ್ತಿಗೆಯಲ್ಲಿ ಮುಗಿಯುವಂತೆ ಅಖಂಡವಾಗಿ ಟೈಮ್‌ಲೈನ್‌ನಲ್ಲಿ ಇಡಿ. ಚಿತ್ರ ಇದರ ಮೇಲೆ ಬರಲಿ.

ಹೀಗೆ ಮಾಡಿದಾಗ ಇನ್ನೊಂದು ತೊಂದರೆ ಎದುರಾಗುತ್ತದೆ. ಬೇರೆ ಸನ್ನಿವೇಶದ ಕುಣಿತವನ್ನು ಈ ಹಾಸಿನ ಮೇಲಿಟ್ಟರೆ ಹೆಜ್ಜೆಗೂ ಚೆಂಡೆಗೂ ತಾಳೆಯಾಗುವುದಿಲ್ಲ. ಯಕ್ಷಗಾನ ನೋಡಿ ಬೆಳೆದವರ ಕಣ್ಣಿಗೆ ಅದು ಚುಚ್ಚುತ್ತದೆ. ಕಾಲು ಕಾಣುವ ದೂರದ ಶಾಟ್‌ಗಳನ್ನು ಅದೇ ಪದದಿಂದ, ಅದೇ ಜಾಗದಲ್ಲಿ ಮಾತ್ರ ಬಳಸಿ. ಉಳಿದ ಕಡೆ ಕಣ್ಣು, ಕಿರೀಟ, ಚೌಕಿಯಲ್ಲಿ ಬಣ್ಣ ಹಚ್ಚುವ ಕೈ, ಸಭೆಯ ಮುಖಗಳು. ಭಾಗವತರ ತುಟಿ ಕಾಣುವ ಶಾಟ್‌ಗೂ ಇದೇ ನಿಯಮ.

ಏನನ್ನು ಬಚ್ಚಿಡಬೇಕು? ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಕಥೆಯ ಕೊನೆ ಮುಚ್ಚಿಟ್ಟು ಕುತೂಹಲ ಹುಟ್ಟಿಸಲಾಗದು. ಪ್ರೇಕ್ಷಕ ಬರುವುದು ಈ ಕಲಾವಿದ ಹೇಗೆ ಅರ್ಥ ಹೇಳುತ್ತಾನೆ ಎಂದು ನೋಡಲು. ಅದಕ್ಕೇ ಏರುಪದಕ್ಕೆ ಮುಂಚಿನ ಇಪ್ಪತ್ತೈದು ಸೆಕೆಂಡನ್ನು ಮಾತಿಗೆ ಕೊಡುತ್ತೇನೆ: ಯುದ್ಧಕ್ಕೆ ಹೊರಟ ಮಗನನ್ನು ಸುಭದ್ರೆ ತಡೆದು ಕೇಳುತ್ತಾಳೆ, ಅಭಿಮನ್ಯು ತಲೆ ಎತ್ತುತ್ತಾನೆ, ಅವನು ಬಾಯಿ ತೆರೆಯುವಷ್ಟರಲ್ಲಿ ಚೆಂಡೆಯ ಮೊದಲ ಪೆಟ್ಟು. ಉತ್ತರ ಪೂರ್ಣ ವಿಡಿಯೋದಲ್ಲೇ ಸಿಗಲಿ. ಮಾತಿನ ಕೊನೆಯ ಪದದ ಅಡಿಯಲ್ಲಿ ಚೆಂಡೆಯನ್ನು ಮೆಲ್ಲಗೆ ಏರಿಸಬೇಡಿ. ಒಂದು ಕ್ಷಣ ಮೌನವಿದ್ದರೆ ಪೆಟ್ಟಿಗೆ ಬಲ ಬರುತ್ತದೆ.

ಏರುಪದದ ಮೊದಲರ್ಧದಲ್ಲಿ ಶಾಟ್‌ಗಳು ಮೂರು ನಾಲ್ಕು ಸೆಕೆಂಡ್ ನಿಲ್ಲಲಿ. ಲಯ ಬಿಗಿಯಾದಂತೆ ಒಂದು ಸೆಕೆಂಡಿಗೆ ಇಳಿಸಿ, ಕಟ್ ಪೆಟ್ಟಿನ ಮೇಲೆಯೇ ಬೀಳಲಿ. ಆದರೆ ಪ್ರತಿ ಪೆಟ್ಟಿಗೂ ಕತ್ತರಿಸಿದರೆ ವೇಷ ಕಾಣುವುದೇ ಇಲ್ಲ. ಗಿರಕಿ ಹೊಡೆಯುವ ಶಾಟನ್ನು ಪೂರ್ತಿ ಬಿಡಿ.

ಸಿದ್ಧ ವಿಡಿಯೋದಲ್ಲಿ ಡಿಸಾಲ್ವ್‌ಗಳೂ ಕಲಾವಿದರ ಹೆಸರಿನ ಪಟ್ಟಿಗಳೂ ಚಿತ್ರದೊಳಗೇ ಸೇರಿಹೋಗಿರುತ್ತವೆ. ಕತ್ತರಿಸಿದ ತುಣುಕಿನ ತುದಿಯಲ್ಲಿ ಹಿಂದಿನ ಶಾಟ್‌ನ ಒಂದೆರಡು ಫ್ರೇಮ್ ಉಳಿದರೆ ಮಿಂಚಿದಂತೆ ಕಾಣುತ್ತದೆ. ಪ್ರತಿ ಕಟ್‌ನ ಎರಡೂ ಬದಿಯನ್ನು ಫ್ರೇಮ್ ಫ್ರೇಮ್ ಆಗಿ ಸರಿಸಿ ನೋಡಿ. ಬಿಡ್ತಿಗೆ ಮುಗಿದ ಮೇಲೆ ಐದು ಸೆಕೆಂಡ್ ಪ್ರಸಂಗದ ಹೆಸರು, ಪೂರ್ಣ ವಿಡಿಯೋ ಎಲ್ಲಿ, ಎಂದಿನಿಂದ ಎನ್ನುವ ಸಾಲು. ಫೋನಿನಲ್ಲಿ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ.