ನಾಟಿ ಗದ್ದೆಯಲ್ಲಿ ತುಕ್ಕು ಬಣ್ಣ: ಭತ್ತದ ಸತುವಿನ ಕೊರತೆ

ಗಂಗಾವತಿ, ಸಿಂಧನೂರು ಕಡೆಯ ಎರೆಮಣ್ಣಿನ ಗದ್ದೆಗಳಲ್ಲಿ ನಾಟಿಯಾದ ಎರಡು-ಮೂರು ವಾರಕ್ಕೆ ಒಂದು ದೂರು ಕೇಳಿಬರುತ್ತದೆ. ಯೂರಿಯಾ ಹಾಕಿದ್ದಾಯ್ತು, ನೀರೂ ಇದೆ, ಆದರೂ ಪೈರು ಏಳ್ತಾ ಇಲ್ಲ. ಇಂಥ ಕಡೆ ಮೊದಲು ಅನುಮಾನಿಸಬೇಕಾದದ್ದು ಸತು, ಅಂದರೆ ಜಿಂಕ್. 1966ರಲ್ಲಿ ಪಂತನಗರ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿ ವೈ. ಎಲ್. ನೆನೆ ಅವರು ಹಿಮಾಲಯದ ತಪ್ಪಲಿನ ತೆರಾಯ್ ಪ್ರದೇಶದ ಭತ್ತದ ಖೈರಾ ರೋಗಕ್ಕೆ ಸತುವಿನ ಕೊರತೆಯೇ ಕಾರಣ ಎಂದು ತೋರಿಸಿದರು. ಹೆಸರಿಗೆ ರೋಗ, ಆದರೆ ಇದರ ಹಿಂದೆ ಯಾವ ಶಿಲೀಂಧ್ರವೂ ಇಲ್ಲ.

ಗದ್ದೆಯಲ್ಲಿ ಏನು ನೋಡಬೇಕು? ಮೊದಲು ಬದುವಿನ ಮೇಲೆ ನಿಂತು ಇಡೀ ಗದ್ದೆ ನೋಡಿ. ಪೈರು ಒಂದೇ ಎತ್ತರಕ್ಕೆ ಇರುವುದಿಲ್ಲ. ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಗಿಡ್ಡ ಪೈರು ಕಾಣುತ್ತದೆ. ನೀರು ಸದಾ ನಿಲ್ಲುವ ತಗ್ಗಿನಲ್ಲಿ, ಮಟ್ಟ ಮಾಡುವಾಗ ಮೇಲ್ಮಣ್ಣು ಕೆರೆದ ಜಾಗದಲ್ಲಿ ಇದು ಜಾಸ್ತಿ. ಆಮೇಲೆ ಒಂದು ಗಿಡ ಕಿತ್ತು ಹತ್ತಿರದಿಂದ ನೋಡಿ. ಹೊಸ ಗರಿಯ ಬುಡದಲ್ಲಿ ನಡುನರದ ಹತ್ತಿರ ಬಣ್ಣ ಬಿಳಿಚಿಕೊಂಡಿರುತ್ತದೆ. ಅದರ ಕೆಳಗಿನ ಗರಿಗಳ ಮೇಲೆ ತುಕ್ಕು ಬಣ್ಣದ ಸಣ್ಣ ಚುಕ್ಕೆಗಳು ಬಂದು, ದಿನ ಕಳೆದಂತೆ ಒಂದಕ್ಕೊಂದು ಕೂಡಿಕೊಂಡು ಇಡೀ ಗರಿ ಕಂದಾಗುತ್ತದೆ. ತೆಂಡೆ ಒಡೆಯುವುದು ಕಡಿಮೆ. ಸಸಿ ಮಡಿಯಲ್ಲೂ ಇವೇ ಚಿಹ್ನೆ ಬರಬಹುದು.

ಇಲ್ಲಿ ಗೊಂದಲ ಆಗುವುದು ಸಹಜ. ಸಾರಜನಕ ಕಡಿಮೆಯಾದರೆ ಹಳೆಯ ಗರಿ ಸಮನಾಗಿ ಹಳದಿಯಾಗುತ್ತದೆ, ತುಕ್ಕು ಚುಕ್ಕೆ ಇರುವುದಿಲ್ಲ. ಕಬ್ಬಿಣ ಕಡಿಮೆಯಾದರೆ ಹೊಸ ಗರಿ ಪೂರ್ತಿ ಬಿಳಿಹಳದಿ, ಅದೂ ಹೆಚ್ಚಾಗಿ ನೀರು ನಿಲ್ಲದ ಒಣ ಮಡಿಯಲ್ಲಿ. ಕಂದು ಚುಕ್ಕೆ ರೋಗದಲ್ಲಿ ಎಳ್ಳಿನ ಆಕಾರದ, ಅಂಚು ಸ್ಪಷ್ಟವಾದ ಮಚ್ಚೆಗಳಿರುತ್ತವೆ. ಇಷ್ಟಾದರೂ ಖಾತ್ರಿ ಆಗದಿದ್ದರೆ ಗದ್ದೆಯ ಒಂದು ಪಟ್ಟಿಗೆ ಮಾತ್ರ ಜಿಂಕ್ ಸಿಂಪಡಿಸಿ. ಒಂದು ವಾರ, ಹತ್ತು ದಿನದಲ್ಲಿ ಆ ಪಟ್ಟಿಯ ಹೊಸ ಗರಿ ಹಸಿರಾಗಿ ಬಂದರೆ ಸಂಶಯವಿಲ್ಲ. ಕಂದಾದ ಹಳೆಯ ಗರಿ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ಔಷಧ ಹಿಡಿಯಲಿಲ್ಲ ಅನ್ನಬೇಡಿ.

ಮಣ್ಣಿನಲ್ಲಿ ಸತು ಇದ್ದೂ ಬೇರಿಗೆ ಯಾಕೆ ಸಿಗುವುದಿಲ್ಲ ಅನ್ನೋದನ್ನು ತಿಳಿದುಕೊಂಡರೆ ಪರಿಹಾರ ಸುಲಭ. ಸುಣ್ಣದಂಶ ಇರುವ ಕ್ಷಾರ ಮಣ್ಣಿನಲ್ಲಿ ಸತು ಕರಗುವುದು ತೀರಾ ಕಡಿಮೆ. ನೀರು ನಿಂತಾಗ ಬೈಕಾರ್ಬೊನೇಟ್ ಹೆಚ್ಚಿ ಬೇರು ಸತುವನ್ನು ಎಳೆದುಕೊಳ್ಳಲು ಇನ್ನಷ್ಟು ಕಷ್ಟಪಡುತ್ತದೆ. ಅದರ ಮೇಲೆ ಡಿಎಪಿ ಸುರಿದರೆ ರಂಜಕ ಹೆಚ್ಚಾಗಿ ಕೊರತೆ ಮತ್ತೂ ಎದ್ದು ಕಾಣುತ್ತದೆ. ಜಿಂಕ್ ಸಲ್ಫೇಟನ್ನು ಡಿಎಪಿ ಜೊತೆ ಬೆರೆಸಬಾರದು ಅನ್ನುವುದೂ ಇದಕ್ಕೇ: ಎರಡೂ ಸೇರಿ ನೀರಿನಲ್ಲಿ ಕರಗದ ಜಿಂಕ್ ಫಾಸ್ಫೇಟ್ ಆಗುತ್ತದೆ.

ಈಗ ಒಂದು ಎಕರೆಯ ಲೆಕ್ಕ ಹಾಕೋಣ. ಪೈರಿನಲ್ಲಿ ಚಿಹ್ನೆ ಕಂಡಾಗಿದೆ, ಹಾಗಾದರೆ ಸಿಂಪಡಣೆಯೇ ಬೇಗ ಕೆಲಸ ಮಾಡುವುದು. ಶೇ. 0.5ರ ದ್ರಾವಣ ಬೇಕು. 200 ಲೀಟರ್ ನೀರಿಗೆ 1 ಕೆ.ಜಿ. ಜಿಂಕ್ ಸಲ್ಫೇಟ್, ಅರ್ಧ ಕೆ.ಜಿ. ಅರಳಿದ ಸುಣ್ಣ. 16 ಲೀಟರಿನ ಬೆನ್ನಿನ ಪಂಪಿಗೆ 80 ಗ್ರಾಂ ಮತ್ತು 40 ಗ್ರಾಂ. ಸುಣ್ಣ ಯಾಕೆ ಅಂದರೆ ಜಿಂಕ್ ಸಲ್ಫೇಟ್ ದ್ರಾವಣ ಹುಳಿ, ಬರೀ ಅದನ್ನೇ ಹೊಡೆದರೆ ಗರಿ ಸುಡಬಹುದು. ಸುಣ್ಣವನ್ನು ಬೇರೆ ಬಕೆಟ್‌ನಲ್ಲಿ ಕಲಸಿ, ಕೆಳಗೆ ಕೂರಲು ಬಿಟ್ಟು, ಮೇಲಿನ ತಿಳಿ ಮಾತ್ರ ಸೋಸಿ ಸೇರಿಸಿ. ಇಲ್ಲದಿದ್ದರೆ ನಾಜಲ್ ಕಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಇಲ್ಲವೇ ಸಂಜೆ ಹೊಡೆಯಿರಿ, ಹತ್ತು ದಿನದ ಹೊತ್ತಿಗೆ ಇನ್ನೊಮ್ಮೆ. ಸಾಧ್ಯವಿದ್ದರೆ ಗದ್ದೆಯ ನೀರು ಬಸಿದು ಕೆಲವು ದಿನ ಮಣ್ಣಿಗೆ ಗಾಳಿ ಆಡಲು ಬಿಡಿ.

ಏನೂ ಮಾಡದಿದ್ದರೂ ಕೆಲವು ಗದ್ದೆಗಳು ಆರೆಂಟು ವಾರದಲ್ಲಿ ತಾವೇ ಚೇತರಿಸಿಕೊಳ್ಳುತ್ತವೆ. ಆದರೆ ಅಷ್ಟರಲ್ಲಿ ತೆಂಡೆ ಒಡೆಯುವ ಕಾಲ ಮುಗಿದಿರುತ್ತದೆ, ಕಟಾವೂ ತಡವಾಗುತ್ತದೆ.

ಸಿಂಪಡಣೆ ಈ ಪೈರಿಗಷ್ಟೇ. 1 ಕೆ.ಜಿ.ಯಲ್ಲಿ ಇರುವುದು ಬರೀ 210 ಗ್ರಾಂ ಸತು, ಅದರಿಂದ ಮಣ್ಣು ತುಂಬುವುದಿಲ್ಲ. ಮುಂದಿನ ಬೆಳೆಗೆ ಕೊನೆಯ ಕೆಸರು ಹೊಡೆತದ ನಂತರ ಎಕರೆಗೆ 10 ಕೆ.ಜಿ. ಜಿಂಕ್ ಸಲ್ಫೇಟನ್ನು ಒಣ ಮರಳು ಇಲ್ಲವೇ ಮಣ್ಣಿನಲ್ಲಿ ಬೆರೆಸಿ ಎರಚಿ. ಡಿಎಪಿಯನ್ನು ಬೇರೆ ದಿನ ಹಾಕಿ. ಕೊಳ್ಳುವಾಗ ಚೀಲದ ಮೇಲೆ ಓದಿಕೊಳ್ಳಿ: ಶೇ. 21 ಸತು ಇರುವ ಹೆಪ್ಟಾಹೈಡ್ರೇಟ್‌ಗೆ ಈ 10 ಕೆ.ಜಿ. ಲೆಕ್ಕ. ಶೇ. 33ರ ಮೊನೊಹೈಡ್ರೇಟ್ ಆದರೆ ಆರೂವರೆ ಕೆ.ಜಿ. ಸಾಕು. ಒಮ್ಮೆ ಹಾಕಿದ್ದು ಸಾಮಾನ್ಯವಾಗಿ ಎರಡು-ಮೂರು ಬೆಳೆಗೆ ಬರುತ್ತದೆ. ಹಾಗಾಗಿ ಪ್ರತಿ ಸಲ ಸುಮ್ನೆ ಸುರಿಯುವ ಬದಲು ಮಣ್ಣು ಪರೀಕ್ಷೆ ಮಾಡಿಸಿ. ಡಿಟಿಪಿಎ ವಿಧಾನದಲ್ಲಿ ಸತು 0.6 ಪಿಪಿಎಂಗಿಂತ ಕೆಳಗಿದ್ದರೆ ಹಾಕಲೇಬೇಕು.